ಡೆಲಿವರಿ, ಕ್ಯಾಬ್ ಆಪ್‌ನವರೇ ಇನ್ಶೂರೆನ್ಸ್ ಕೊಡ್ತಾರಲ್ಲ, ಮತ್ತೆ ಬೇರೆ ಯಾಕೆ ಬೇಕು?

ಈ ಪ್ರಶ್ನೆ ಎಷ್ಟು ಸಲ ಬಂದಿದೆ ಅಂದ್ರೆ, ಈ ಸಲ ಉದ್ದಕ್ಕೇ ಬರೆದುಬಿಡ್ತೀನಿ, ಮುಂದೆ ಯಾರಾದ್ರೂ ಕೇಳಿದ್ರೆ ಇದನ್ನೇ ಓದಿ ಅಂತೀನಿ. ಡೆಲಿವರಿ ಮಾಡೋರು, ಕ್ಯಾಬ್ ಓಡಿಸೋರು, ಎಲ್ಲರದ್ದೂ ಇದೇ ನಂಬಿಕೆ: ಆಪ್‌ಗೆ ಸೇರಿದ ದಿನದಿಂದ 24 ಗಂಟೆನೂ ಕವರ್ ಇದೆ ಅಂತ. ಇಲ್ಲಪ್ಪ, ಸಾಮಾನ್ಯವಾಗಿ ಹಾಗಿರಲ್ಲ.

ನಿಮ್ಮ ದಿನವನ್ನ ಪಾಲಿಸಿ ನೋಡೋ ರೀತಿನೇ ಬೇರೆ. ಆಪ್ ಆಫ್ ಇರೋದು ಒಂದು ಹಂತ, ಆನ್ ಮಾಡಿ ಆರ್ಡರ್‌ಗೆ ಕಾಯ್ತಾ ಇರೋದು ಇನ್ನೊಂದು, ಆರ್ಡರ್ ಒಪ್ಕೊಂಡು ಪಿಕಪ್‌ಗೆ ಹೋಗೋದು ಮೂರನೇದು, ಡ್ರಾಪ್ ಕಡೆ ಹೋಗೋದು ನಾಲ್ಕನೇದು. ಆಪ್ ಕೊಡೋ ಕವರ್ ಗಟ್ಟಿಯಾಗಿರೋದು ಹೆಚ್ಚಾಗಿ ಕೊನೇ ಎರಡು ಹಂತದಲ್ಲಿ. ಕಾಯೋ ಹೊತ್ತಲ್ಲಿ ಕಮ್ಮಿ ಇರುತ್ತೆ ಅಥವಾ ಇರೋದೇ ಇಲ್ಲ, ಕೊನೇ ಡ್ರಾಪ್ ಮುಗಿಸಿ ಆಪ್ ಆಫ್ ಮಾಡಿ ಮನೆಗೆ ಹೋಗೋವಾಗ ಬಿದ್ರೆ ಬಹಳಷ್ಟು ಕಡೆ ಅದು ಕೆಲಸದ ಲೆಕ್ಕಕ್ಕೇ ಬರಲ್ಲ. ಆಗ ನನ್ನ ಗಾಡಿ ಇನ್ಶೂರೆನ್ಸ್ ಇದೆ ಅಂತೀರಾ, ಆದ್ರೆ ಸ್ವಂತ ಬಳಕೆಗೆ ಅಂತ ತಗೊಂಡ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸಿದ್ದು ಗೊತ್ತಾದ್ರೆ ಗಾಡಿ ಡ್ಯಾಮೇಜ್ ಕ್ಲೇಮ್ ತಿರಸ್ಕಾರ ಆಗಬಹುದು.

ಇನ್ನೊಂದು ವಿಷಯ, ಇದನ್ನ ಯಾರೂ ಹೇಳಲ್ಲ. ಆರ್ಡರ್ ಮಧ್ಯದಲ್ಲಿ ಬಿದ್ರೆ ಆಪ್ ಆ ಆರ್ಡರ್‌ನ ಬೇರೆ ರೈಡರ್‌ಗೆ ಕೊಟ್ಟುಬಿಡಬಹುದು, ನಿಮ್ಮ ಫೋನಲ್ಲಿ ಅದು ಕ್ಯಾನ್ಸಲ್ ಅಂತ ಕಾಣುತ್ತೆ. ಆಮೇಲೆ ಕ್ಲೇಮ್ ಡೆಸ್ಕಿನವರು "ಆ ಹೊತ್ತಲ್ಲಿ ನಿಮಗೆ ಆರ್ಡರ್ ಎಲ್ಲಿತ್ತು?" ಅಂತಾರೆ. ಅದಕ್ಕೆ ಕೈ ಆಡೋ ಸ್ಥಿತಿಯಲ್ಲಿದ್ರೆ ಆರ್ಡರ್ ನಂಬರ್, ಟೈಮ್ ಎರಡೂ ಕಾಣೋ ಹಾಗೆ ಸ್ಕ್ರೀನ್‌ಶಾಟ್ ತಗೊಳ್ಳಿ, ಆಸ್ಪತ್ರೆ ಚೀಟಿಯಲ್ಲಿ ರಸ್ತೆ ಅಪಘಾತ ಅಂತ, ಆದ ಟೈಮ್ ಸಮೇತ ಬರೆಸಿ.

ಸರಿ, ಕ್ಲೇಮ್ ಆಯ್ತು, ಆಸ್ಪತ್ರೆ ಬಿಲ್ ಪೂರ್ತಿ ಬಂತು ಅಂತಲೇ ಇಟ್ಕೊಳ್ಳಿ. ನಿಜವಾದ ಹೊಡೆತ ಇಲ್ಲಿಂದ ಶುರು. ಲೆಕ್ಕಕ್ಕೆ ಅಂತ, ದಿನದ ದುಡಿಮೆ 100, ಅದರಲ್ಲಿ ಪೆಟ್ರೋಲ್‌ಗೆ 25, ಗಾಡಿ ಸಾಲದ ಕಂತಿಗೆ 20, ಕೈಗೆ 55. ಮಣಿಕಟ್ಟು ಮುರಿದು 42 ದಿನ ಮನೇಲಿ ಕೂತ್ರೆ ಪೆಟ್ರೋಲ್ ಉಳಿಯುತ್ತೆ, ಆದ್ರೆ ಕಂತು ನಿಲ್ಲಲ್ಲ, 840 ಬಾಕಿ ಆಗುತ್ತೆ. ಎದ್ದು ಬಂದ ಮೇಲೆ 15 ದಿನಕ್ಕೂ ಸ್ವಲ್ಪ ಹೆಚ್ಚು ಕೈಗೆ ಸಿಗೋದೆಲ್ಲ ಬರೀ ಹಳೇ ಕಂತಿಗೇ ಹೋಯ್ತು, ಆ 42 ದಿನ ಮನೆ ಹೇಗೆ ನಡೀತು ಅನ್ನೋದು ಬೇರೆ.

ಹಾಗಾಗಿ ನಿಜಕ್ಕೂ ಬೇಕಿರೋದು ದುಡಿಮೆ ನಿಂತಾಗ ದಿನಕ್ಕಿಷ್ಟು ಅಂತ ಕೊಡೋ ನಿಧಿ. ಮೇಲಿನ ಲೆಕ್ಕದಲ್ಲೇ, 100ಕ್ಕೆ 2 ಅಂತ ಪ್ರತಿ ಟ್ರಿಪ್‌ನಲ್ಲೂ ಎತ್ತಿಟ್ರೆ 300 ದಿನಕ್ಕೆ 600. ಮೊದಲ 3 ದಿನ ಬಿಟ್ಟು ಉಳಿದ 39 ದಿನ ದಿನಕ್ಕೆ 50 ಕೊಟ್ರೆ 1950. ಅಂದ್ರೆ ಒಬ್ಬರ ಕ್ಲೇಮ್‌ಗೆ ಮೂರಕ್ಕಿಂತ ಹೆಚ್ಚು ಜನರ ವರ್ಷದ ದುಡ್ಡು ಬೇಕು. ಎಲ್ಲರೂ ಕಡ್ಡಾಯವಾಗಿ ಇದ್ರೆ ನಡೆಯುತ್ತೆ, ಇಷ್ಟ ಇದ್ದವರು ಸೇರಿ ಅಂದ್ರೆ ಜಾಸ್ತಿ ಬೀಳೋ ರಿಸ್ಕ್ ಇರೋರೇ ಸೇರ್ತಾರೆ, ನಿಧಿ ಖಾಲಿ. ಆ 2 ಯಾರ ಜೇಬಿಂದ ಅನ್ನೋದೂ ಮುಖ್ಯ. ನ್ಯೂಯಾರ್ಕ್ ರಾಜ್ಯದಲ್ಲಿ 1999ರಲ್ಲಿ ಕಾನೂನು ಮಾಡಿ ಶುರು ಮಾಡಿದ ಬ್ಲ್ಯಾಕ್ ಕಾರ್ ಫಂಡ್, ಪ್ರಯಾಣಿಕರ ಬಿಲ್ ಮೇಲೆ ಸ್ವಲ್ಪ ಶೇಕಡಾ ಹಾಕಿ ಡ್ರೈವರ್‌ಗಳಿಗೆ ಗಾಯದ ಪರಿಹಾರ ಕೊಡುತ್ತೆ. ಸಿಂಗಾಪುರದಲ್ಲಿ 2025ರ ಜನವರಿ 1ರಿಂದ ಕಂಪನಿಯೇ ಇನ್ಶೂರೆನ್ಸ್ ಮಾಡಿಸಬೇಕು, ಅದರಲ್ಲಿ ಬಿಲ್ ಜೊತೆಗೆ ಕಳ್ಕೊಂಡ ದುಡಿಮೆನೂ ಸೇರುತ್ತೆ. ನಿಗದಿ ಸಂಬಳ ಇಲ್ಲದವರಿಗೆ ಇದೆಲ್ಲ ಆಗಲ್ಲ ಅನ್ನೋರು ಇವೆರಡನ್ನ ನೋಡಲಿ.

ಕೇಳದೇ ಇದ್ರೂ ಇನ್ನೊಂದು ಹೇಳ್ತೀನಿ, ಯಾಕಂದ್ರೆ ಬಿದ್ದವರು ಆಮೇಲೆ ಹೋಗೋದು ಅಲ್ಲಿಗೇ. ಆಪ್‌ನಲ್ಲೇ ಅಡ್ವಾನ್ಸ್ ಸಿಗುತ್ತಲ್ಲ, "ಬಡ್ಡಿ ಇಲ್ಲ, ಬರೀ ಫೀಸ್" ಅಂತ. 100 ತಗೊಂಡು ವಾರ ಬಿಟ್ಟು 103 ಕೊಟ್ರೆ ಅದು ವಾರಕ್ಕೆ ಶೇ 3, ವರ್ಷಕ್ಕೆ ಶೇ 156 ಆಯ್ತು, ಬಡ್ಡಿ ಮೇಲೆ ಬಡ್ಡಿ ಸೇರಿಸದೇನೇ. ತಗೊಳ್ಳಲೇಬೇಕು ಅಂದ್ರೆ ತೀರಿಸೋ ರೀತಿ ನೋಡಿ: ಇಂಥ ತಾರೀಕಿಗೆ ಇಷ್ಟು ಅಂತ ಇದ್ರೆ ಮಲಗಿದ್ರೂ ಕಟ್ಟಬೇಕು, ಪ್ರತಿ ಟ್ರಿಪ್‌ನಲ್ಲಿ ಶೇಕಡಾ ಇಷ್ಟು ಅಂತ ಇದ್ರೆ ಗಾಡಿ ನಿಂತ ದಿನ ಕಂತೂ ನಿಲ್ಲುತ್ತೆ. ಆದ್ರೆ ಆ ಸಾಲ ತೀರೋವರೆಗೂ ಆಪ್ ಬದಲಿಸೋಕೆ ಆಗುತ್ತಾ ಅಂತ ಸೈನ್ ಮಾಡೋ ಮುಂಚೆನೇ ಕೇಳಿ.