ಬಾಯಲ್ಲಿ ವಾಸನೆ ಬಂದರೆ ಕ್ಲೇಮು ಹೋಯಿತೇ?

ಕೊಡಗಿನಲ್ಲಿ ಮದುವೆ ಊಟಕ್ಕೆ ಹೋಗಿ ಒಂದು ಗ್ಲಾಸೂ ಮುಟ್ಟದೆ ಬರುವುದು ಎಷ್ಟು ಕಷ್ಟ ಅಂತ ಇಲ್ಲಿಯವರಿಗೆ ನಾನು ಹೇಳಬೇಕಿಲ್ಲ. ವಾಪಸ್ ಬರುವಾಗ ಅಪಘಾತವಾದರೆ ಆ ಗ್ಲಾಸು ವಿಮಾ ಫೈಲಿನೊಳಗೆ ಬಂದು ಕೂರುತ್ತದೆ.

ನನ್ನ ಹತ್ತಿರ ಬಂದ ಒಂದು ಕೇಸು ನೋಡಿ. ಗೋಣಿಕೊಪ್ಪದಲ್ಲಿ ಮದುವೆ ಮುಗಿಸಿ ಎಸ್ಟೇಟ್ ರೈಟರ್ ಒಬ್ಬರು ಸಂಜೆ ಬೈಕಿನಲ್ಲಿ ಹೊರಟಿದ್ದರು. ತಿರುವಿನಲ್ಲಿ ಎದುರಿನಿಂದ ಬಂದ ಜೀಪು ಬಲಕ್ಕೆ ಬಂದು ಗುದ್ದಿತು. ಒಂದು ಕಾಲು ಮಂಡಿಯ ಮೇಲೆ ತೆಗೆಯಬೇಕಾಯಿತು. 10 ಲಕ್ಷದ ವೈಯಕ್ತಿಕ ಅಪಘಾತ ಪಾಲಿಸಿ ಇತ್ತು. ಒಂದು ಕಾಲು ಹೋದರೆ ಅರ್ಧ, ಅಂದರೆ 5 ಲಕ್ಷ ಬರಬೇಕು. ಬಂದದ್ದು ತಿರಸ್ಕಾರದ ಪತ್ರ. ಕಾರಣ ಒಂದೇ ಸಾಲು: ಗಾಯದ ಸರ್ಟಿಫಿಕೇಟಿನಲ್ಲಿ ‘ಬಾಯಲ್ಲಿ ಮದ್ಯದ ವಾಸನೆ ಇದೆ’ ಎಂದಿದೆ.

"ಎರಡು ಪೆಗ್ ತಗೊಂಡಿದ್ದು ನಿಜ ಸಾರ್, ಸುಳ್ಳು ಹೇಳಲ್ಲ. ಅದಕ್ಕೆ ಕಾಲು ಹೋಯ್ತಾ?" ಅಂತ ಅವರ ಹೆಂಡತಿ ಕೇಳಿದರು. ಕುಡಿದು ಬೈಕು ಹತ್ತಿದ್ದನ್ನು ನಾನು ಸಮರ್ಥಿಸಲ್ಲ. ಆದರೆ ಅವರ ಪ್ರಶ್ನೆ ಸರಿಯಾದ ಜಾಗಕ್ಕೇ ಬಿದ್ದಿತ್ತು.

ಮೊದಲು ಪಾಲಿಸಿಯ ಮಾತು ಓದಬೇಕು. ಕೆಲವು ಪಾಲಿಸಿಗಳು ಮದ್ಯದ ಅಮಲಿನಲ್ಲಿದ್ದಾಗ ಆದ ಅಪಘಾತಕ್ಕೆ ಹಣವಿಲ್ಲ ಅನ್ನುತ್ತವೆ. ಇನ್ನು ಕೆಲವು ಅಮಲಿನಿಂದ ಆದ ಅಪಘಾತಕ್ಕೆ ಅನ್ನುತ್ತವೆ. ಎರಡನೆಯದಾದರೆ ಅಮಲಿಗೂ ಅಪಘಾತಕ್ಕೂ ಸಂಬಂಧ ಇತ್ತೆಂದು ಕಂಪನಿ ತೋರಿಸಬೇಕು. ಈ ಪಾಲಿಸಿಯಲ್ಲಿ ಇದ್ದದ್ದು ಮೊದಲನೆಯದು. ಹಾಗಾಗಿ ತಪ್ಪೆಲ್ಲ ಜೀಪಿನವನದು ಅಂದರಷ್ಟೇ ಸಾಲುತ್ತಿರಲಿಲ್ಲ. ಅಮಲೇ ಇರಲಿಲ್ಲ ಎಂಬುದನ್ನೂ ಎತ್ತಬೇಕಿತ್ತು.

ವಾಸನೆ ಅಂದರೆ ಕುಡಿದಿದ್ದರು ಅಂತ ಮಾತ್ರ ಅರ್ಥ. ಎಷ್ಟು, ಯಾವಾಗ ಅಂತ ಅದು ಹೇಳಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 185ರಲ್ಲಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮೀರಿದರೆ ಅಪರಾಧ. ಇವರ ರಕ್ತವನ್ನು ಆ ಪರೀಕ್ಷೆಗೆ ತೆಗೆದೇ ಇರಲಿಲ್ಲ. ಅಷ್ಟಕ್ಕೇ ಗೆದ್ದೆವು ಅನ್ನೋ ಹಾಗೂ ಇರಲಿಲ್ಲ. 2021ರಲ್ಲಿ ಪರ್ಲ್ ಬೆವರೇಜಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ರಕ್ತ ಪರೀಕ್ಷೆ ಇಲ್ಲದಿದ್ದರೂ ಬೇರೆ ಸಾಕ್ಷ್ಯದಿಂದ ಅಮಲನ್ನು ಸಾಬೀತು ಮಾಡಬಹುದು ಎಂದಿತು. ಅಲ್ಲಿ ವಾಸನೆಯ ಜೊತೆಗೆ ಕಾರು ಹೋಗಿ ಗುದ್ದಿದ ರೀತಿಯೂ ಚಾಲಕನ ಕಡೆಗೇ ಬೊಟ್ಟು ಮಾಡಿತ್ತು.

ನಮ್ಮ ಫೈಲಿನಲ್ಲಿ ಅದು ಉಲ್ಟಾ ಇತ್ತು. ಸ್ಥಳ ಮಹಜರಿನ ನಕ್ಷೆಯಲ್ಲಿ ಬೈಕು ತನ್ನ ಎಡಬದಿಯಲ್ಲೇ ಇತ್ತು. ದೋಷಾರೋಪ ಪಟ್ಟಿ ಜೀಪು ಚಾಲಕನ ಮೇಲಿತ್ತು. ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ ಆಸ್ಪತ್ರೆಯ ಕೇಸ್ ಶೀಟಿನಲ್ಲೇ ಸಿಕ್ಕಿತು. ವಾಸನೆ ಅಂತ ಬರೆದ ಡಾಕ್ಟರೇ ಎರಡು ಸಾಲು ಕೆಳಗೆ ‘ಪ್ರಜ್ಞೆ ಇದೆ, ಸ್ಪಷ್ಟವಾಗಿ ಉತ್ತರಿಸುತ್ತಾರೆ, ಜಿಸಿಎಸ್ 15’ ಎಂದು ಬರೆದಿದ್ದರು. ಜಿಸಿಎಸ್ ಅಂದರೆ ಎಚ್ಚರದ ಅಳತೆ, 15 ಅದರ ಗರಿಷ್ಠ. ನಾಲಿಗೆ ತೊದಲುವುದು, ಕಣ್ಣು ಕೆಂಪಾಗಿರುವುದು ಯಾವುದೂ ದಾಖಲಾಗಿರಲಿಲ್ಲ. ಕಂಪನಿ ಓದಿದ್ದು ಸರ್ಟಿಫಿಕೇಟನ್ನು ಮಾತ್ರ, ಕೇಸ್ ಶೀಟನ್ನಲ್ಲ. ಹೆಚ್ಚಿನ ತಿರಸ್ಕಾರಗಳು ಹೀಗೇ ಆಗುತ್ತವೆ.

ಇನ್ನೊಂದು ಸಾಲು ಇವರನ್ನು ಜಾಸ್ತಿ ಹೆದರಿಸಿತ್ತು. ಕರೆತಂದವರು ಗಡಿಬಿಡಿಯಲ್ಲಿ "ಬೈಕಿಂದ ಬಿದ್ದರು" ಅಂದಿದ್ದಕ್ಕೆ ನರ್ಸ್ ‘ಸೆಲ್ಫ್ ಫಾಲ್’ ಎಂದು ಬರೆದಿದ್ದರು. ತಾನಾಗಿ ಬಿದ್ದ ಅಂದರೆ ಬೇಕಂತಲೇ ಗಾಯ ಮಾಡಿಕೊಂಡ ಅಂತಲ್ಲ. ಬೇಕಂತಲೇ ಮಾಡಿಕೊಂಡ ಗಾಯಕ್ಕೆ ಹಣವಿಲ್ಲ ಅನ್ನುವ ಷರತ್ತು ತಾಗಲು ಉದ್ದೇಶ ಬೇಕು, ಅದನ್ನು ತೋರಿಸುವ ಹೊಣೆ ಕಂಪನಿಯದು. ಆದರೂ ಎಫ್‌ಐಆರ್‌ನಲ್ಲಿ ಜೀಪು, ಕೇಸ್ ಶೀಟಿನಲ್ಲಿ ಜೀಪೇ ಇಲ್ಲ ಅಂದರೆ ಅನುಮಾನ ಸಹಜ, ಅಲ್ವಾ?

ರಾಫ್ಟಿಂಗ್‌ನಲ್ಲಿ ಗಾಯವಾದರೆ ಕ್ಲೇಮು ಬರುತ್ತದೆಯೇ ಅಂತಲೂ ತುಂಬಾ ಜನ ಕೇಳುತ್ತಾರೆ. ಆರೋಗ್ಯ ವಿಮೆಯ ಈಗಿನ ಏಕರೂಪ ಷರತ್ತು ವೃತ್ತಿಪರರಾಗಿ ಸಾಹಸ ಕ್ರೀಡೆಯಲ್ಲಿ ತೊಡಗಿದವರನ್ನು ಮಾತ್ರ ಹೊರಗಿಡುತ್ತದೆ. ಹಾಗಾಗಿ ದುಬಾರೆಯಲ್ಲಿ ಒಂದು ದಿನ ದೋಣಿ ಹತ್ತಿದ ಪ್ರವಾಸಿಗೆ ಆ ಷರತ್ತು ತಾಗಬಾರದು. ಅದೇ ದೋಣಿಯ ಗೈಡ್‌ಗೆ ತಾಗಬಹುದು. ಅಪಘಾತ ಪಾಲಿಸಿಯ ಮಾತು ಬೇರೆ ಇರಬಹುದು, ಅದನ್ನು ಓದಿಯೇ ನೋಡಬೇಕು.

ರೈಟರ್ ಕೇಸಿನಲ್ಲಿ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆದೆವು. 30 ದಿನ ಉತ್ತರ ಬರಲಿಲ್ಲ. ಆಮೇಲೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಟ್ಟೆವು. ಅಲ್ಲಿ ಶುಲ್ಕವಿಲ್ಲ, ವಕೀಲರಿಗೆ ಪ್ರವೇಶವಿಲ್ಲ. ಹಾಗಾಗಿ ಅವರೇ ಊರುಗೋಲು ಹಿಡಿದು ಹೋಗಿ ಕೇಸ್ ಶೀಟ್ ಓದಿದರು. ಪೂರ್ತಿ 5 ಲಕ್ಷ ಕೊಡಬೇಕೆಂದು ಆದೇಶವಾಯಿತು.

ರಕ್ತ ಪರೀಕ್ಷೆಯಾಗಿ 150 ಅಂತ ಬಂದಿದ್ದರೆ ನಾನು ಈ ಫೈಲನ್ನು ತೆಗೆದುಕೊಳ್ಳುತ್ತಲೇ ಇರಲಿಲ್ಲ. ಕುಡಿಯದವರು ಮಾತ್ರ ಆಸ್ಪತ್ರೆಯಲ್ಲಿ ತಾವಾಗೇ "ರಕ್ತ ತೆಗೀರಿ" ಅಂತ ಕೇಳಬೇಕು, ಅದೂ ಆವತ್ತೇ. ಕುಡಿದವರು ಡಾಕ್ಟರ ಹತ್ತಿರ ಮುಚ್ಚಿಡಬಾರದು. ಅರಿವಳಿಕೆ ಕೊಡುವವರಿಗೆ ಅದು ಗೊತ್ತಿರಲೇಬೇಕು.