70 ಹೆಜ್ಜೆ, 74 ಹೆಜ್ಜೆ, ಆಮೇಲೆ 69

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಜೇವರ್ಗಿ ಕಡೆಯ ಒಬ್ಬ ಹುಡುಗ ಕಲಬುರಗಿಯ ನನ್ನ ಫಿಸಿಯೋಥೆರಪಿ ಕ್ಲಿನಿಕ್‌ಗೆ ಬಂದಿದ್ದ. ಪೊಲೀಸ್ ಕಾನ್‌ಸ್ಟೆಬಲ್ ಫಿಜಿಕಲ್‌ಗೆ ತಯಾರಿ ನಡೆಸಿದ್ದ. 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಅವನ ಟೈಮ್ 7 ನಿಮಿಷ 10 ಸೆಕೆಂಡಿಗೆ ನಿಂತುಬಿಟ್ಟಿತ್ತು. ಮೇಲೆ ಮೊಣಕಾಲ ಚಿಪ್ಪಿನ ಸುತ್ತ ನೋವು ಬೇರೆ. "ಹೆಜ್ಜಿ ದೊಡ್ಡದ್ ಹಾಕು, ಟೈಮ್ ತಾನೇ ಕಮ್ಮಿ ಆಗ್ತದ ಅಂತ ಸೀನಿಯರ್ ಅಣ್ಣಾರು ಹೇಳ್ಯಾರ್ರಿ ಸರ್" ಅಂದ. ಮೂರು ತಿಂಗಳಿಂದ ಅದನ್ನೇ ಮಾಡ್ತಾ ಬಂದಿದ್ದ.

ಮರುದಿನ ಬೆಳಿಗ್ಗೆ ಐದೂವರೆಗೆ ಗರಸು ಹಾಕಿದ ಮೈದಾನಕ್ಕೆ ಬರಲು ಹೇಳಿದೆ. ಸಿಂಥೆಟಿಕ್ ಟ್ರ್ಯಾಕ್ ಬೇಡ ಅಂತ ಬೇಕಂತಲೇ ಹೇಳಿದ್ದು, ಯಾಕಂದ್ರೆ ಗರಸು ಹೇಳುವ ಕಥೆಯನ್ನು ರಬ್ಬರ್ ಹೇಳಲ್ಲ. ಅವನು ಎರಡು ಸುತ್ತು ಓಡಿದ ಮೇಲೆ ಕೂತು ಹೆಜ್ಜೆ ಗುರುತು ನೋಡಿದೆವು. ಹಿಮ್ಮಡಿ ಇಳಿದಲ್ಲೆಲ್ಲ ಸಣ್ಣ ಗುಳಿ, ಗುಳಿಯ ಮುಂದೆ ಬೆರಳ ದಪ್ಪ ಗರಸು ಗುಡ್ಡೆಯಾಗಿತ್ತು. ಕಾಲು ನೆಲವನ್ನು ಮುಂದಕ್ಕೆ ತಳ್ಳಿದೆ ಅಂದ್ರೆ ನೆಲ ಅವನನ್ನು ಅಷ್ಟೇ ಬಲದಿಂದ ಹಿಂದಕ್ಕೆ ತಳ್ಳಿದೆ ಅಂತ ಅರ್ಥ. ಬ್ರೇಕಿಂಗ್ ಅಂದ್ರೆ ಇದೇ. ಫೋನಿನಲ್ಲಿ ಸ್ಲೋಮೋಷನ್ ವಿಡಿಯೋ ತೆಗೆದು ಕಾಲು ನೆಲ ಮುಟ್ಟುವ ಕ್ಷಣದಲ್ಲಿ ನಿಲ್ಲಿಸಿದರೆ ಅದೂ ಇದನ್ನೇ ಹೇಳ್ತಿತ್ತು: ಮೊಣಕಾಲು ಹೆಚ್ಚುಕಮ್ಮಿ ನೇರ, ಪಾದ ಮೊಣಕಾಲಿಗಿಂತ ಎಷ್ಟೋ ಮುಂದೆ, ಸೊಂಟ ಇನ್ನೂ ಹಿಂದೆಯೇ ಉಳಿದಿದೆ.

ಇಲ್ಲಿ ಒಂದು ಮಾತು. ಬ್ರೇಕೇ ಇಲ್ಲದ ಓಟ ಅಂತ ಯಾವುದೂ ಇಲ್ಲ. ಪಾದ ನೆಲದ ಮೇಲಿರುವ ಹೊತ್ತಿನಲ್ಲಿ ಹೆಚ್ಚುಕಮ್ಮಿ ಮೊದಲರ್ಧ ಬ್ರೇಕು, ಉಳಿದರ್ಧ ನೂಕು, ದೊಡ್ಡ ದೊಡ್ಡ ಓಟಗಾರರಿಗೂ ಅಷ್ಟೇ. ಆದರೆ ಒಂದೇ ವೇಗದಲ್ಲಿ ಓಡುತ್ತಿದ್ದರೆ ಬ್ರೇಕಿನಲ್ಲಿ ಕಳೆದಷ್ಟನ್ನೂ ಅದೇ ಹೆಜ್ಜೆಯಲ್ಲಿ ನೂಕಿ ವಾಪಸ್ ತರಬೇಕು, ಇಲ್ಲದಿದ್ರೆ ವೇಗ ಬೀಳುತ್ತೆ. ಪಾದ ದೇಹದಿಂದ ದೂರ ಇಳಿದಷ್ಟೂ ಈ ಸಾಲ ಜಾಸ್ತಿ. ಒಂದು ಕೈಯಲ್ಲಿ ಬ್ರೇಕ್ ಹಿಡಿದು ಇನ್ನೊಂದು ಕೈಯಲ್ಲಿ ಆಕ್ಸಿಲರೇಟರ್ ತಿರುವಿ ಗಾಡಿ ಓಡಿಸಿದ ಹಾಗೆ. ಅದರ ಜೊತೆ ಉದ್ದ ಹೆಜ್ಜೆಗೆ ಗಾಳಿಯಲ್ಲಿ ಹೆಚ್ಚು ಹೊತ್ತು ಇರಬೇಕು, ಅದಕ್ಕೆ ಮೇಲಕ್ಕೆ ಜಿಗಿಯಬೇಕು, ಜಿಗಿದಷ್ಟೂ ಇಳಿಯುವಾಗ ಪೆಟ್ಟು. ಆ ಪೆಟ್ಟನ್ನು ಮುಖ್ಯವಾಗಿ ತಡೆದುಕೊಳ್ಳೋದು ಮೊಣಕಾಲು ಮತ್ತು ತೊಡೆಯ ಮುಂದಿನ ಸ್ನಾಯು. ಹುಡುಗನ ನೋವು ಇದ್ದದ್ದೂ ಅಲ್ಲೇ, ಅಲ್ವಾ?

ಹಾಗಾದ್ರೆ ಪುಟ್ಟ ಪುಟ್ಟ ಹೆಜ್ಜೆ ಹಾಕಿಬಿಟ್ಟರೆ ಆಯ್ತಲ್ಲ ಅನ್ನಬೇಡಿ. ಹೆಜ್ಜೆ ಗಿಡ್ಡ ಆದಷ್ಟೂ ಒಂದು ನಿಮಿಷದಲ್ಲಿ ಕಾಲನ್ನು ಹೆಚ್ಚು ಸಲ ಬೀಸಬೇಕು. ಪಾದ ನೆಲದ ಮೇಲಿರುವ ಹೊತ್ತೂ ಕಡಿಮೆಯಾಗಿ, ಸ್ನಾಯು ಅದೇ ಕೆಲಸವನ್ನು ಅವಸರದಲ್ಲಿ ಮಾಡಬೇಕಾಗುತ್ತೆ. ಅವಸರದ ಕೆಲಸಕ್ಕೆ ಆಮ್ಲಜನಕ ಜಾಸ್ತಿ ಬೇಕು. 1982ರಲ್ಲಿ ಕಾವನಾ ಮತ್ತು ವಿಲಿಯಮ್ಸ್ ಅಮೆರಿಕದಲ್ಲಿ ಇದನ್ನು ಅಳೆದು ತೋರಿಸಿದರು: ಹೆಜ್ಜೆ ತೀರಾ ಉದ್ದವಾದರೂ ಖರ್ಚು ಏರುತ್ತೆ, ತೀರಾ ಗಿಡ್ಡವಾದರೂ ಏರುತ್ತೆ. ನಡುವೆ ಒಂದು ತಗ್ಗು ಇದೆ. ಆ ತಗ್ಗು ಬಾವಿಯ ಹಾಗೆ ಕಿರಿದಲ್ಲ, ನಮ್ಮ ಪರಾತದ ಹಾಗೆ ಅಗಲ. ಶೇ 3ರಿಂದ 5ರಷ್ಟು ಆಚೀಚೆ ಆದರೆ ಉಸಿರಿನ ಖರ್ಚಿನಲ್ಲಿ ಹೆಚ್ಚೇನೂ ವ್ಯತ್ಯಾಸ ಕಾಣಲ್ಲ. ಆದರೆ ಮೊಣಕಾಲಿನ ಹೊರೆ ಹಾಗಲ್ಲ. 2011ರಲ್ಲಿ ಹೈಡರ್‌ಶೈಟ್ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನದಲ್ಲಿ ಅದೇ ವೇಗದಲ್ಲಿ ಕೇಡೆನ್ಸ್, ಅಂದ್ರೆ ನಿಮಿಷಕ್ಕೆ ಹಾಕುವ ಹೆಜ್ಜೆಗಳ ಸಂಖ್ಯೆ, ಶೇ 5 ಏರಿಸಿದ್ದಕ್ಕೇ ಮೊಣಕಾಲು ಹೆಜ್ಜೆಗೊಮ್ಮೆ ಹೀರಿಕೊಳ್ಳಬೇಕಾದ ಪೆಟ್ಟಿನ ಶಕ್ತಿ ಸುಮಾರು ಐದನೇ ಒಂದು ಭಾಗ ತಗ್ಗಿತ್ತು. ಉಸಿರಿಗೆ ಚಿಲ್ಲರೆ, ಮೊಣಕಾಲಿಗೆ ನೋಟು. ನಾನು ಕೇಡೆನ್ಸ್ ಕಡೆ ಕೈಹಾಕೋದು ಈ ಲೆಕ್ಕದ ಮೇಲೇ ಹೊರತು ಮತ್ಯಾವ ಕಾರಣಕ್ಕೂ ಅಲ್ಲ.

ಈಗ ಹುಡುಗನ ಲೆಕ್ಕಕ್ಕೆ ಬರೋಣ. ಬಲಗಾಲು ನೆಲ ಮುಟ್ಟೋದನ್ನು 30 ಸೆಕೆಂಡ್ ಎಣಿಸಿದೆ, 39 ಬಂತು. ನಾಲ್ಕರಿಂದ ಗುಣಿಸಿದರೆ ನಿಮಿಷಕ್ಕೆ 156 ಹೆಜ್ಜೆ. 100 ಮೀಟರಿಗೆ ಅವನು ತೆಗೆದುಕೊಳ್ತಿದ್ದದ್ದು 27 ಸೆಕೆಂಡ್, ಹಾಕುತ್ತಿದ್ದದ್ದು 70 ಹೆಜ್ಜೆ. ಒಂದು ಹೆಜ್ಜೆ ಸುಮಾರು 1.43 ಮೀಟರ್. ಶೇ 5 ಏರಿಸಿದರೆ ಕೇಡೆನ್ಸ್ 164. ಅದೇ 27 ಸೆಕೆಂಡಿನಲ್ಲಿ 74 ಹೆಜ್ಜೆ, ಒಂದೊಂದೂ 8 ಸೆಂಟಿಮೀಟರ್ ಗಿಡ್ಡ. ಅಷ್ಟೇ ಬದಲಾವಣೆ. ಕೈಬೆರಳುಗಳ ಅಗಲದಷ್ಟು.

ನಿಮಿಷಕ್ಕೆ 164 ಸಲ ಟಿಕ್ ಟಿಕ್ ಅಂತ ತಾಳ ಹಾಕುವ ಮೆಟ್ರೊನೋಮ್ ಆ್ಯಪ್ ಫೋನಿಗೆ ಹಾಕಿಕೊಟ್ಟು ಕಳಿಸಿದೆ. ಒಂದು ವಾರಕ್ಕೆ ವಾಪಸ್ ಬಂದ. "ಮೂರನೇ ರೌಂಡಿಗೇ ಉಸಿರು ಸಿಗಲ್ರಿ ಸರ್, ಇದು ನಂಗ್ ಆಗಲ್ರಿ." ಓಡಿಸಿ ನೋಡಿದೆ. ಕೇಡೆನ್ಸ್ ಸರಿಯಾಗಿ 164 ಇತ್ತು. ಆದರೆ 100 ಮೀಟರಿಗೆ ಮತ್ತೆ ಅದೇ 70 ಹೆಜ್ಜೆ! ಹೆಜ್ಜೆಯ ಉದ್ದ ಒಂದಿಷ್ಟೂ ಬಿಟ್ಟುಕೊಡದೆ ಬರೀ ಬೇಗ ಬೇಗ ಹಾಕಿದ್ದ. ಹಾಗಾಗಿ 27 ಸೆಕೆಂಡ್ ಇದ್ದದ್ದು ಇಪ್ಪತ್ತೈದೂವರೆಗೆ ಬಂದಿತ್ತು. ವೇಗ ಅಂದ್ರೆ ಹೆಜ್ಜೆಯ ಉದ್ದವನ್ನು ಕೇಡೆನ್ಸಿನಿಂದ ಗುಣಿಸಿದ್ದು ತಾನೇ? ಒಂದನ್ನು ಏರಿಸಿ ಇನ್ನೊಂದನ್ನು ಹಾಗೇ ಇಟ್ಟರೆ ವೇಗ ಏರುತ್ತೆ, ಏದುಸಿರು ಬರುತ್ತೆ, ಬೈಗುಳ ಮಾತ್ರ ಕೇಡೆನ್ಸಿಗೆ. ನನ್ನ ಹತ್ತಿರ ಬರುವವರಲ್ಲಿ ಅತಿ ಹೆಚ್ಚು ಜನ ಎಡವೋದು ಇಲ್ಲೇ. ತಪ್ಪು ನನ್ನದೂ ಇತ್ತು. ಬರೀ ಆ್ಯಪ್ ಕೊಟ್ಟೆ, ಗಡಿಯಾರ ಕೊಡಲಿಲ್ಲ.

ಮುಂದಿನ ವಾರದಿಂದ ಕ್ರಮ ಬದಲಿಸಿದೆವು. 100 ಮೀಟರಿಗೊಂದು ಕಲ್ಲು ಇಟ್ಟು, ಪ್ರತಿ ಕಲ್ಲನ್ನೂ 27 ಸೆಕೆಂಡಿಗೇ ದಾಟಬೇಕು, ಮುಂಚೆ ದಾಟಿದರೆ ತಪ್ಪು ಅಂತ ಹೇಳಿದೆ. ಒಂದು ನಿಮಿಷ ಮೆಟ್ರೊನೋಮ್ ಜೊತೆ, ಎರಡು ನಿಮಿಷ ಅದಿಲ್ಲದೆ ಸುಮ್ನೆ ಓಡೋದು. ವಾರಕ್ಕೆ ಮೂರು ದಿನ. ಪಾದ ಎಲ್ಲಿ ಇಳೀಬೇಕು ಅಂತ ನಾನು ಹೇಳಲಿಲ್ಲ. ಹೇಳಿದರೆ ಹುಡುಗರು ಕೆಳಗೆ ನೋಡುತ್ತಾ ಬೆರಳ ಮೇಲೆ ಓಡಲು ಶುರು ಮಾಡ್ತಾರೆ, ಆಗ ಮೊಣಕಾಲಿನ ಹೊರೆ ಹೋಗಿ ಮೀನಖಂಡದ ಮೇಲೆ, ಹಿಮ್ಮಡಿಯ ಸ್ನಾಯುರಜ್ಜಿನ ಮೇಲೆ ಕೂರುತ್ತೆ. ಮೀನಖಂಡ ಬಿಗಿದುಕೊಂಡರೆ ಎರಡು ದಿನ ಬಿಡು ಅಂತಷ್ಟೇ ಎಚ್ಚರಿಸಿದ್ದೆ.

ಕೇಡೆನ್ಸ್ 180 ಇರಬೇಕಂತಲ್ಲ ಅಂತ ಅವನೂ ಕೇಳಿದ. ಎಲ್ಲರೂ ಕೇಳ್ತಾರೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕೋಚ್ ಜ್ಯಾಕ್ ಡೇನಿಯಲ್ಸ್ ಓಟಗಾರರ ಹೆಜ್ಜೆ ಎಣಿಸಿ ಹೆಚ್ಚುಕಮ್ಮಿ ಎಲ್ಲರದೂ 180 ಅಥವಾ ಅದಕ್ಕಿಂತ ಮೇಲೆ ಅಂದದ್ದು ಈ ಅಂಕಿಯ ಮೂಲ. ಅದು ಒಲಿಂಪಿಕ್ಸ್ ರೇಸಿನ ವೇಗ. ನಮ್ಮ ಹುಡುಗ 27 ಸೆಕೆಂಡಿನ ವೇಗದಲ್ಲಿ 180 ಹಾಕಿದರೆ 100 ಮೀಟರಿಗೆ 81 ಹೆಜ್ಜೆ. ಪರಾತದ ಅಂಚು ದಾಟಿ ಆಚೆ ಬಿದ್ದ ಹಾಗೆ.

ಐದನೇ ವಾರಕ್ಕೆ ಗರಸಿನ ಗುಡ್ಡೆ ಸಣ್ಣದಾಗಿತ್ತು, ಮೆಟ್ಟಿಲು ಇಳಿಯುವಾಗಿನ ನೋವೂ ಹೋಗಿತ್ತು. ಟೈಮ್ ಮಾತ್ರ ಹಾಗೇ ಇತ್ತು. ಇರಲೇಬೇಕು, ನಾವು ವೇಗ ಮುಟ್ಟಿರಲೇ ಇಲ್ಲವಲ್ಲ. ಅಲ್ಲಿಂದ ಮುಂದೆ ಮೆಟ್ರೊನೋಮ್ ತೆಗೆದಿಟ್ಟು 400 ಮೀಟರ್ ಜೋರು ಓಟ, ದಿಬ್ಬ ಹತ್ತೋದು, ಸ್ಕ್ವಾಟ್, ಇವಿಷ್ಟೇ. ಮೂರನೇ ತಿಂಗಳ ಟ್ರಯಲ್‌ನಲ್ಲಿ 6 ನಿಮಿಷ 34 ಸೆಕೆಂಡ್ ಬಂತು. ಅಭ್ಯಾಸ ಬಲದಿಂದ ಹೆಜ್ಜೆಯನ್ನೂ ಎಣಿಸಿದೆ. ಕೇಡೆನ್ಸ್ 168, 100 ಮೀಟರಿಗೆ 69 ಹೆಜ್ಜೆ. ಮೊದಲ ದಿನಕ್ಕಿಂತ ಒಂದು ಕಡಿಮೆ! ಅಂದ್ರೆ ಹೆಜ್ಜೆ ಈಗ ಮೊದಲಿಗಿಂತ ಉದ್ದವೇ. ಆದರೆ ಈ ಉದ್ದ ಕಾಲನ್ನು ಮುಂದೆ ಚಾಚಿ ತಂದದ್ದಲ್ಲ, ಹಿಂದಿನಿಂದ ನೂಕಿ ತಂದದ್ದು. ವಿಡಿಯೋದಲ್ಲಿ ಪಾದ ಹೆಚ್ಚುಕಮ್ಮಿ ಮೊಣಕಾಲಿನ ಕೆಳಗೇ ಇಳೀತಿತ್ತು.

"ಅಣ್ಣಾರು ಹೇಳಿದ್ದು ಖರೇನೇ ಆಯ್ತಲ್ರಿ ಸರ್" ಅಂತ ನಕ್ಕ. ಉಳಿದ ನಾಲ್ಕು ಸೆಕೆಂಡಿಗೆ ಹೆಜ್ಜೆ ಎಣಿಸಿ ಪ್ರಯೋಜನ ಇಲ್ಲ, ಅದು ದಮ್ಮಿನ ಕೆಲಸ ಅಂತ ಹೇಳಿ ಮತ್ತೆ 400ರ ಸುತ್ತಿಗೆ ಅಟ್ಟಿದೆ.