ಬ್ರೋಷರ್ ಅಟ್ಯಾಚ್ ಮಾಡಬೇಕಾ, ಲಿಂಕ್ ಕೊಡಬೇಕಾ?

ಪ್ರಶ್ನೆ: "ಸರ್, ನಮ್ಮದು ಇಳಕಲ್ ಸೀರೆ ವ್ಯಾಪಾರ. ಬೆಂಗಳೂರಿನ ಅಂಗಡಿಯವರಿಗೆ ಫೋನ್ ಮಾಡಿದರ ‘ಮೇಲ್ ಹಾಕಿ’ ಅಂತಾರ. ಬ್ರೋಷರ್ ಅಟ್ಯಾಚ್ ಮಾಡಿ ಕಳಿಸೇವ್ರಿ. ಒಂದ್ ಉತ್ತರಾನೂ ಇಲ್ಲ. ಲಿಂಕ್ ಕೊಟ್ಟಿದ್ದರ ಚಲೋ ಇತ್ತೇನು?"

ಬಾಗಲಕೋಟೆ ಕಡೆಯಿಂದ ಈ ಪ್ರಶ್ನೆ ನನಗೆ ತಿಂಗಳಿಗೊಮ್ಮೆಯಾದರೂ ಬರುತ್ತದೆ. ಕೇಳುವವರು ಸೀರೆಯವರಿರಬಹುದು, ಒಣದ್ರಾಕ್ಷಿಯವರಿರಬಹುದು. ಎಷ್ಟೋ ಸಲ ಹೇಳಿದ್ದೇನೆ, ಈಗ ಪೂರ್ತಿ ಬರೆದೇ ಬಿಡುತ್ತೇನೆ. ಮೊದಲ ಮೇಲ್‌ಗೆ ಎರಡೂ ಬೇಡ. ವಿಷಯವನ್ನು ಮೇಲ್‌ನಲ್ಲೇ ಬರೆಯಿರಿ. ಅವರು ಫೋಟೊ ಕೇಳಿದಾಗ ಲಿಂಕ್ ಕೊಡಿ. ಕೊಟೇಶನ್, ಬಿಲ್‌ನಂಥ ಕಾಗದ ಕೇಳಿದರೆ ಅಟ್ಯಾಚ್ ಮಾಡಿ.

ಇಷ್ಟು ಹೇಳಿದ ಕೂಡಲೇ ಎಲ್ಲರೂ ಒಂದೇ ಮಾತು ಹೇಳುತ್ತಾರೆ: "ಅಟ್ಯಾಚ್ ಮಾಡಿದರ ಅವರ ಕೈಗೇ ಕೊಟ್ಟಂಗ ಅಲ್ಲೇನ್ರಿ? ಲಿಂಕ್ ಆದರ ಅವರು ಒತ್ತಬೇಕು." ಈ ನಂಬಿಕೆಯನ್ನು ಬಿಡಿಸುವುದೇ ಕಷ್ಟದ ಕೆಲಸ. ಅಟ್ಯಾಚ್ ಮಾಡಿದ ಫೈಲನ್ನೂ ಅವರು ಒತ್ತಿಯೇ ತೆರೆಯಬೇಕು, ಅಲ್ವಾ? ಅದಕ್ಕೂ ಮೊದಲು ಫೈಲ್ ಅಲ್ಲಿಗೆ ತಲುಪಬೇಕು.

ಈ ಓದುಗರ ಬ್ರೋಷರನ್ನೇ ತರಿಸಿಕೊಂಡು ನೋಡಿದೆ. ಪಿಡಿಎಫ್ ಗಾತ್ರ 8 ಎಂಬಿ. ಜಿಮೇಲ್‌ನಲ್ಲಿ 25 ಎಂಬಿ ತನಕ ಅಟ್ಯಾಚ್ ಮಾಡಬಹುದು, ಹಾಗಾಗಿ ಇವರ ಕಡೆಯಿಂದ ಸಲೀಸಾಗಿ ಹೋಯಿತು. ಆದರೆ ಎದುರಿನ ಆಫೀಸಿನ ಸರ್ವರ್ 10 ಎಂಬಿಗಿಂತ ದೊಡ್ಡ ಮೇಲ್ ತೆಗೆದುಕೊಳ್ಳುತ್ತಿರಲಿಲ್ಲ. 8 ಎಂಬಿ 10ರೊಳಗೇ ಇದೆಯಲ್ಲ ಎಂದರೆ, ಇಲ್ಲ. ಮೇಲ್ ವ್ಯವಸ್ಥೆ ಹುಟ್ಟಿದ್ದು ಅಕ್ಷರ ಸಾಗಿಸಲಿಕ್ಕೆ. ಪಿಡಿಎಫ್ ಕಳಿಸುವಾಗ ಅದನ್ನೂ ಅಕ್ಷರಗಳಾಗಿ ಬದಲಿಸಿ ಸಾಗಿಸುತ್ತದೆ, ಪ್ರತಿ 3 ಬೈಟ್‌ಗೆ 4 ಅಕ್ಷರದಂತೆ. ಅಂದರೆ ಫೈಲ್ ಮೂರನೇ ಒಂದು ಭಾಗದಷ್ಟು ಊದಿಕೊಳ್ಳುತ್ತದೆ. 8 ಎಂಬಿ ಹೊರಟಿದ್ದು ದಾರಿಯಲ್ಲಿ 11ರ ಹತ್ತಿರ ಆಯಿತು. ಬಾಗಿಲಲ್ಲೇ ವಾಪಸ್. ಇವರ ಇನ್‌ಬಾಕ್ಸ್‌ನಲ್ಲಿ ಹುಡುಕಿದರೆ Mail Delivery Subsystem ಹೆಸರಿನಿಂದ ಬಂದ ಮೇಲ್ ಇತ್ತು. ಇಂಗ್ಲಿಷಿನಲ್ಲಿ ಏನೋ ಬಂದಿದೆ ಎಂದು ಅದನ್ನು ತೆರೆದೇ ಇರಲಿಲ್ಲ. ಒಳಗೆ ಈ ಸಾಲು ಇತ್ತು:

```
552 5.3.4 Message size exceeds fixed limit
```

ಹೀಗೆ ವಾಪಸ್ ಬಂದರೆ ಒಳ್ಳೆಯದೇ, ಗೊತ್ತಾದರೂ ಆಗುತ್ತದೆ. ಎಷ್ಟೋ ಸಲ ಅದೂ ಆಗುವುದಿಲ್ಲ. ವೈರಸ್ ಹರಡುವವರು ಬಳಸುವುದೂ ಇದೇ ದಾರಿ: ಗುರುತಿಲ್ಲದ ವಿಳಾಸ, ಎರಡು ಸಾಲು ಬರಹ, ಜೊತೆಗೊಂದು ಫೈಲ್. ನಿಮ್ಮ ಮೇಲ್ ನೋಡಲಿಕ್ಕೆ ಹಾಗೇ ಇದ್ದರೆ ಫಿಲ್ಟರ್ ಅದನ್ನು ಸ್ಪ್ಯಾಮ್‌ಗೆ ತಳ್ಳಬಹುದು, ಇಲ್ಲವೇ ಪಕ್ಕಕ್ಕೆ ತಡೆದಿಡಬಹುದು. ಆಗ ನಿಮಗೆ ಯಾವ ಸುದ್ದಿಯೂ ಬರುವುದಿಲ್ಲ.

ಸರಿ, ತಲುಪಿತು ಎಂದೇ ಇಟ್ಟುಕೊಳ್ಳಿ. ಅಂಗಡಿಯವರು ಅದನ್ನು ಫೋನಿನಲ್ಲಿ ತೆರೆಯುತ್ತಾರೆ. ಇವರದು ಮೂರು ಮಡಿಕೆಯ ಬ್ರೋಷರ್. ಪ್ರಿಂಟಿಂಗ್ ಪ್ರೆಸ್‌ನವರು ಕೊಟ್ಟ ಫೈಲನ್ನೇ ಇದ್ದ ಹಾಗೆ ಕಳಿಸಿದ್ದರು. ಮಡಚಿದ ಕಾಗದದಲ್ಲಿ ಮುಖಪುಟ ಮೇಲೆ ಬರುತ್ತದೆ. ಪಿಡಿಎಫ್‌ನಲ್ಲಿ ಹಾಳೆ ಬಿಚ್ಚಿಕೊಂಡಿರುತ್ತದೆ. ಮೊದಲ ಪುಟದ ಎಡಕ್ಕೆ ಒಳಗೆ ಮಡಚುವ ಭಾಗ, ನಡುವೆ ವಿಳಾಸ, ಬಲ ತುದಿಗೆ ಮುಖಪುಟ. ಫೋನಿನಲ್ಲಿ ಬೆರಳಿನಿಂದ ಹಿಗ್ಗಿಸಿದರೆ ಮೊದಲು ಕಂಡಿದ್ದು ಅರ್ಧ ಕಥೆ. ದರ ಎಲ್ಲಿದೆ ಎಂದು ನಾನೂ ಹುಡುಕಿದೆ. ಎಲ್ಲೂ ಇರಲಿಲ್ಲ.

ಬ್ರೋಷರ್ ಕೆಟ್ಟದ್ದು ಎನ್ನುತ್ತಿಲ್ಲ. ಅದು ಅಂಗಡಿ ಕಟ್ಟೆಯ ಮೇಲೆ ಕೈಗೆ ಕೊಡಲಿಕ್ಕೆ ಮಾಡಿದ್ದು. ಅದರ ಫೋಟೊಗಳು ಅಚ್ಚಿಗೆ ಬೇಕಾದಷ್ಟು ದೊಡ್ಡವು, ಅದಕ್ಕೇ ಫೈಲ್ ಅಷ್ಟು ಭಾರ.

ಈಗ ಬರೀ ಬರಹದ ಮೇಲ್ ನೋಡಿ. ಇವರ ಜೊತೆ ಕೂತು ಬರೆದದ್ದು ಇದು:

"ವಿಷಯ: ಇಳಕಲ್ ಕೈಮಗ್ಗದ ಸೀರೆ, 60 ಸಿದ್ಧ ಇವೆ

ನಮಸ್ಕಾರ. ಸೋಮವಾರ ಫೋನಿನಲ್ಲಿ ಮಾತಾಡಿದ್ದೆವು. ಮೈ ಹತ್ತಿ, ಸೆರಗು ರೇಷ್ಮೆ, ಟೋಪ್ ತೆನಿ ಜೋಡಣೆ. ಚಿಕ್ಕಿ ದಡಿ 40, ಗೋಮಿ ದಡಿ 20 ಇವೆ. ಸೀರೆಗೆ 2,200 ರೂಪಾಯಿ, ಕನಿಷ್ಠ 10 ಸೀರೆ. ಫೋಟೊ ಬೇಕಿದ್ದರೆ ‘ಕಳಿಸಿ’ ಎಂದು ಉತ್ತರ ಕೊಡಿ, ಸಾಕು."

ಇದು ಕೆಲವೇ ಕೆಬಿ. ಯಾವ ಸರ್ವರೂ ಗಾತ್ರ ನೋಡಿ ತಡೆಯುವುದಿಲ್ಲ. ಫೋನಿನ ನೋಟಿಫಿಕೇಶನ್‌ನಲ್ಲೇ ಮೊದಲ ಸಾಲು ಕಾಣುತ್ತದೆ. ಖರೀದಿ ನೋಡುವವರು ಇದನ್ನು ಕಾಪಿ ಮಾಡಿ ಮಾಲೀಕರಿಗೆ ವಾಟ್ಸಾಪ್‌ನಲ್ಲಿ ಹಾಕಬಹುದು. ಎರಡು ತಿಂಗಳ ಮೇಲೆ "ಇಳಕಲ್" ಎಂದು ಹುಡುಕಿದರೂ ಸಿಗುತ್ತದೆ. ಮುಖ್ಯವಾಗಿ, ಉತ್ತರ ಕೊಡಲಿಕ್ಕೆ ಒಂದು ಸುಲಭ ಕಾರಣ ಇದೆ. ಹಾಗಂತ ಗುರುತಿಲ್ಲದ ಐನೂರು ಜನಕ್ಕೆ ಒಟ್ಟಿಗೆ ಕಳಿಸಿದರೆ ಬರೀ ಬರಹವೂ ಸ್ಪ್ಯಾಮ್‌ಗೇ ಹೋಗುತ್ತದೆ.

"ಕಳಿಸಿ" ಎಂದು ಉತ್ತರ ಬಂದ ಮೇಲೆ ಲಿಂಕ್. ಗೂಗಲ್ ಡ್ರೈವ್‌ಗೆ ಹಾಕಿದ ಫೈಲ್ ಮೊದಲಿಗೆ Restricted ಎಂದಿರುತ್ತದೆ, ನಿಮ್ಮನ್ನು ಬಿಟ್ಟು ಬೇರೆಯವರಿಗೆ ತೆರೆಯುವುದಿಲ್ಲ. Anyone with the link ಎಂದು ಬದಲಿಸಿ. ಆಮೇಲೆ ಇನ್‌ಕಾಗ್ನಿಟೊ ವಿಂಡೊದಲ್ಲಿ ಒಮ್ಮೆ ತೆರೆದು ನೋಡಿ. ನಿಮ್ಮ ಮಾಮೂಲಿ ಬ್ರೌಸರ್‌ನಲ್ಲಿ ಅದು ಯಾವಾಗಲೂ ತೆರೆಯುತ್ತದೆ, ಅದನ್ನು ನಂಬಬೇಡಿ. ವಿಳಾಸ ಉದ್ದ ಆಯಿತೆಂದು ಬೇರೆ ಜಾಲತಾಣದಲ್ಲಿ ಚಿಕ್ಕದು ಮಾಡಿಸಬೇಡಿ. ಎಲ್ಲಿಗೆ ಹೋಗುತ್ತದೆ ಎಂದು ಕಾಣದ ಲಿಂಕನ್ನು ಜನರೂ ಒತ್ತುವುದಿಲ್ಲ, ಫಿಲ್ಟರೂ ಅನುಮಾನ ಪಡುತ್ತದೆ. ದರ ಬದಲಾದರೆ ಡ್ರೈವ್‌ನಲ್ಲೇ Manage versions ಮೂಲಕ ಹೊಸ ಫೈಲ್ ಹಾಕಿ, ಹಳೆಯ ಲಿಂಕೇ ಹೊಸದನ್ನು ತೋರಿಸುತ್ತದೆ. ಅಟ್ಯಾಚ್ ಮಾಡಿದ್ದನ್ನು ಹೀಗೆ ತಿದ್ದಲು ಆಗುವುದಿಲ್ಲ.

ಇನ್ನೊಂದು ವಿಷಯ ಯಾರೂ ನೇರವಾಗಿ ಕೇಳುವುದಿಲ್ಲ, ಆದರೆ ಎಷ್ಟೋ ಜನ ಬ್ರೋಷರ್‌ಗೆ ಅಂಟಿಕೊಂಡಿರುವುದೇ ಅದಕ್ಕೆ. ಡಿಟಿಪಿಯವರು ಟೈಪ್ ಮಾಡಿದ ಕನ್ನಡವನ್ನು ಮೇಲ್‌ಗೆ ಪೇಸ್ಟ್ ಮಾಡಿದರೆ "ಕನ್ನಡ" ಎಂಬ ಪದ ಹೀಗೆ ಕಾಣುತ್ತದೆ:

```
PÀ£ÀßqÀ
```

"ಮೇಲ್‌ನಾಗ ಕನ್ನಡ ಬರಂಗಿಲ್ರಿ" ಎಂದು ಪಿಡಿಎಫ್‌ಗೆ ಹೋಗುತ್ತಾರೆ. ಮೇಲ್‌ನ ತಪ್ಪಲ್ಲ ಅದು. ಹಳೆಯ ನುಡಿ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿದ್ದಾರೆ. ಆ ಫಾಂಟ್ ಇದ್ದ ಕಂಪ್ಯೂಟರಿನಲ್ಲಿ ಕನ್ನಡ, ಇಲ್ಲದ ಕಡೆ ಈ ಗೀಚು. ಪಿಡಿಎಫ್ ಫಾಂಟನ್ನು ತನ್ನೊಳಗೇ ಹೊತ್ತೊಯ್ಯುವುದರಿಂದ ಕಣ್ಣಿಗೆ ಸರಿ ಕಾಣುತ್ತದೆ. ಆದರೆ ಅದರಲ್ಲಿ "ಇಳಕಲ್" ಎಂದು ಹುಡುಕಿದರೆ ಸಿಗುವುದಿಲ್ಲ, ಕಾಪಿ ಮಾಡಿದರೆ ಮತ್ತೆ ಅದೇ ಗೀಚು.

ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಈ ತೊಂದರೆಯೇ ಇಲ್ಲ. ನಿಮ್ಮ ಫೋನಿನ ಕನ್ನಡ ಕೀಬೋರ್ಡ್ ಯೂನಿಕೋಡೇ. ವಾಟ್ಸಾಪ್‌ನಲ್ಲಿ ದಿನಾ ಬರೆಯುವುದು ಅದೇ ಕನ್ನಡ. ಹಳೆಯ ಬರಹ ಜಾಸ್ತಿ ಇದ್ದರೆ ನುಡಿ ತಂತ್ರಾಂಶದ ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಇರುವ ಪದಗಳನ್ನು ಒಂದೊಂದಾಗಿ ಓದಿ, ತಪ್ಪಾಗುವುದು ಹೆಚ್ಚಾಗಿ ಅಲ್ಲೇ. ಕಳಿಸುವ ಮುಂಚೆ ನಿಮ್ಮದೇ ಇನ್ನೊಂದು ವಿಳಾಸಕ್ಕೆ ಹಾಕಿ, ಮನೆಯ ಬೇರೆ ಯಾರದಾದರೂ ಫೋನಿನಲ್ಲಿ ತೆರೆದು ನೋಡಿ.